ಬಾರದ ಅತಿಥಿ ಬರೆದ ರಿವ್ಯೂ

ಸಕಲೇಶಪುರದ ಕಡೆ ಕಾಫಿ ತೋಟದ ನಡುವೆ ನಾಲ್ಕು ಕೋಣೆಗಳ ಒಂದು ಹೋಂಸ್ಟೇ ಇದೆ ಎಂದುಕೊಳ್ಳಿ. ಅಜ್ಜನ ಕಾಲದ ಮನೆ, ನಡೆಸುವವರು ಗಂಡ ಹೆಂಡತಿ ಇಬ್ಬರೇ. ಗೂಗಲ್ ಮ್ಯಾಪ್‌ನಲ್ಲಿ ಅವರ ಮನೆಗೆ 46 ರಿವ್ಯೂ, ಸರಾಸರಿ 4.7 ಸ್ಟಾರ್. ಒಂದು ಭಾನುವಾರ ರಾತ್ರಿ ಮಲಗುವಾಗ ಇದ್ದ ಲೆಕ್ಕ ಅದು. ಸೋಮವಾರ ಬೆಳಿಗ್ಗೆ ಎದ್ದು ಫೋನ್ ನೋಡಿದರೆ ಒಂದೊಂದೇ ಸ್ಟಾರ್‌ನ ಐದು ಹೊಸ ರಿವ್ಯೂ ಬಂದು ಕೂತಿವೆ. ಸರಾಸರಿ 4.3ಕ್ಕೆ ಇಳಿದಿದೆ. ಅದು ಸಾಲದು ಎಂಬಂತೆ ಶುಕ್ರವಾರ ಮಧ್ಯಾಹ್ನ ಬುಕಿಂಗ್ ಮಾಡಿದ್ದ ಅತಿಥಿಯೊಬ್ಬರು ಹಾಸನ ದಾಟಿ ಫೋನ್ ಮಾಡುತ್ತಾರೆ: "ಸಾರ್, ನೀವು ಹೋಂಸ್ಟೇ ಮುಚ್ಚಿಬಿಟ್ರಾ? ಮ್ಯಾಪ್‌ನಲ್ಲಿ ಪರ್ಮನೆಂಟ್ಲಿ ಕ್ಲೋಸ್ಡ್ ಅಂತ ತೋರಿಸ್ತಿದೆಯಲ್ಲ. ನಾವು ಬರೋದಾ, ವಾಪಸ್ ಹೋಗೋದಾ?"

ಇದು ಒಂದು ಮನೆಯಲ್ಲಿ ಹೀಗೇ ನಡೆದ ಕಥೆಯಲ್ಲ. ಹೋಂಸ್ಟೇ, ಬೇಕರಿ, ಗ್ಯಾರೇಜು, ಹಲ್ಲಿನ ಕ್ಲಿನಿಕ್ಕು ನಡೆಸುವವರಿಗೆ ಬೇರೆ ಬೇರೆ ಕಡೆ ಆಗುವುದನ್ನು ಒಂದೇ ಮನೆಗೆ ತಂದು ಹೇಳುತ್ತಿದ್ದೇನೆ. ಆ ಮನೆಯವರು ಏನೇನು ಮಾಡಬೇಕು, ಏನು ಮಾಡಬಾರದು, ಎಷ್ಟು ಸಾಧ್ಯ, ಎಲ್ಲಿ ಕೈಚೆಲ್ಲಬೇಕಾಗುತ್ತದೆ ಎನ್ನುವುದನ್ನು ಒಂದೊಂದಾಗಿ ನೋಡೋಣ.

ಮೊದಲು ಪೆಟ್ಟು ಎಷ್ಟು ದೊಡ್ಡದು ಎಂದು ಲೆಕ್ಕ ಹಾಕಬೇಕು. ಗೂಗಲ್ ತೋರಿಸುವ ಅಂಕಿ ಎಲ್ಲ ರೇಟಿಂಗ್‌ಗಳ ಸರಾಸರಿ. 600 ರಿವ್ಯೂ ಇರುವ ದೊಡ್ಡ ರೆಸಾರ್ಟ್‌ಗೆ ಇದೇ ಐದು ಒಂದು ಸ್ಟಾರ್ ಬಿದ್ದಿದ್ದರೆ 4.7 ಇದ್ದದ್ದು 4.7 ಆಗಿಯೇ ಉಳಿಯುತ್ತಿತ್ತು. 46 ರಿವ್ಯೂ ಇರುವ ಮನೆಗೆ ಮಾತ್ರ ಅದು 4.3 ಆಯಿತು. ಇದನ್ನು ಒಳ್ಳೆಯ ರಿವ್ಯೂಗಳಿಂದಲೇ ತುಂಬಿಸಿ ಮತ್ತೆ 4.7 ಕಾಣಿಸಬೇಕಾದರೆ ಇನ್ನೂ 46 ಜನ ಪೂರ್ತಿ ಐದು ಸ್ಟಾರ್ ಕೊಡಬೇಕು. ಇಷ್ಟು ವರ್ಷ ಗಳಿಸಿದ್ದನ್ನು ಮತ್ತೊಮ್ಮೆ ಮೊದಲಿನಿಂದ ಗಳಿಸಿದ ಹಾಗೆ. ಅದಕ್ಕೇ ಈ ತೊಂದರೆ ಸಣ್ಣ ವ್ಯಾಪಾರದವರನ್ನೇ ಹೆಚ್ಚು ಕಾಡುತ್ತದೆ. ಸುಳ್ಳು ರಿವ್ಯೂವನ್ನು ತೆಗೆಸುವ ಪ್ರಯತ್ನ ಬಿಟ್ಟು "ಹೋಗಲಿ, ಒಳ್ಳೆಯವು ಬಂದು ಮುಚ್ಚಿಕೊಳ್ಳುತ್ತವೆ" ಎಂದು ಸುಮ್ಮನಿರುವುದು ಅವರಿಗೆ ದುಬಾರಿಯಾಗುವುದೂ ಇದೇ ಕಾರಣಕ್ಕೆ.

ಇನ್ನು ಸಿಟ್ಟಿನ ವಿಷಯ. ಸೋಮವಾರ ಬೆಳಿಗ್ಗೆ ಆ ದಂಪತಿಗೆ ಮೊದಲು ಹೊಳೆಯುವುದು ಒಂದು ಹೆಸರು: ಅದೇ ರಸ್ತೆಯಲ್ಲಿ ಹೋದ ವರ್ಷ ಹೋಂಸ್ಟೇ ಶುರುಮಾಡಿದವನದು. "ಅವನದ್ದೇ ಕೆಲಸ ರೀ, ಬೇರೆ ಯಾರು ಮಾಡ್ತಾರೆ" ಎನ್ನುತ್ತಾರೆ ಹೆಂಡತಿ. ಇರಬಹುದು. ಆದರೆ ಈ ಜಾಡು ಹಿಡಿದು ಹೊರಟವರೆಲ್ಲ ಒಂದೇ ಗೋಡೆಗೆ ಹೋಗಿ ಡಿಕ್ಕಿ ಹೊಡೆಯುತ್ತಾರೆ. ಆ ಖಾತೆಯ ಹಿಂದೆ ಇರುವವರು ಯಾರು ಎಂದು ಗೂಗಲ್ ನಿಮಗೆ ಹೇಳುವುದಿಲ್ಲ. ನ್ಯಾಯಾಲಯದ ಆದೇಶ ಬೇಕು. ಅಲ್ಲದೆ, ಗ್ರಾಹಕ ಹೇಳುವುದು ಸರಿಯೋ ಮಾಲೀಕ ಹೇಳುವುದು ಸರಿಯೋ ಎಂಬ ಜಗಳದಲ್ಲಿ ತಾನು ತಲೆಹಾಕುವುದಿಲ್ಲ ಎಂದು ಗೂಗಲ್ ತನ್ನ ನಿಯಮದಲ್ಲೇ ಬರೆದುಕೊಂಡಿದೆ. "ನಮ್ಮ ಊಟ ಚೆನ್ನಾಗಿಯೇ ಇತ್ತು, ಇದು ಸುಳ್ಳು" ಎಂದು ದೂರು ಕೊಟ್ಟರೆ ಅದು ಬಿದ್ದುಹೋಗುತ್ತದೆ. ಊಟ ರುಚಿಯಿತ್ತೇ ಇಲ್ಲವೇ ಎಂದು ತೀರ್ಮಾನಿಸುವ ದಾರಿ ಅವರಿಗೂ ಇಲ್ಲ.

ಹಾಗಾದರೆ ಅವರು ನೋಡುವುದೇನು? ಬರೆದದ್ದು ತಮ್ಮ ಯಾವುದಾದರೂ ನಿಯಮವನ್ನು ಮುರಿದಿದೆಯೇ ಎಂಬುದನ್ನಷ್ಟೇ. ನಮಗೆ ಬೇಕಾದ ನಿಯಮಗಳು ಎರಡು. ಒಂದು, ರಿವ್ಯೂ ನಿಜವಾದ ಅನುಭವದ ಮೇಲೆ ಬರೆದದ್ದಾಗಿರಬೇಕು. ಬಾರದವರು, ಬಳಸದವರು ಬರೆದರೆ ಅದು ನಕಲಿ. ಎರಡು, ಪ್ರತಿಸ್ಪರ್ಧಿ ಇನ್ನೊಬ್ಬರ ಹೆಸರು ಕೆಡಿಸಲು ಬರೆಯುವಂತಿಲ್ಲ. ಇದನ್ನು ಹಿತಾಸಕ್ತಿ ಸಂಘರ್ಷ ಎಂದು ಪ್ರತ್ಯೇಕವಾಗಿಯೇ ಹೆಸರಿಸಿದ್ದಾರೆ. ಆದ್ದರಿಂದ ಯಾರು ಬರೆದರು ಎಂದು ಹುಡುಕುವುದರಲ್ಲಿ ದಿನ ಕಳೆಯುವುದಕ್ಕಿಂತ, ಬರೆದವರು ಇಲ್ಲಿ ಉಳಿದೇ ಇಲ್ಲ ಎಂದು ತೋರಿಸುವುದು ಸುಲಭ, ಫಲವೂ ಹೆಚ್ಚು. ನನ್ನ ಪ್ರಕಾರ ಈ ಇಡೀ ಕೆಲಸದ ಕೀಲಿ ಇಲ್ಲೇ ಇದೆ.

ಕೆಲಸ ಶುರುವಾಗುವುದು ಸ್ಕ್ರೀನ್‌ಶಾಟ್‌ನಿಂದ. ದೂರು ಕೊಡುವ ಮೊದಲು, ಉತ್ತರ ಬರೆಯುವ ಮೊದಲು ಇದು ಆಗಬೇಕು. ರಿವ್ಯೂ ಬರೆದವರು ಅದನ್ನು ಯಾವಾಗ ಬೇಕಾದರೂ ತಿದ್ದಬಹುದು, ಅಳಿಸಬಹುದು. ನೀವು ಉತ್ತರ ಕೊಟ್ಟ ತಕ್ಷಣ ತಪ್ಪು ವಿವರವನ್ನು ತೆಗೆದು ಜಾಣತನದಿಂದ ಬೇರೆ ಬರೆಯಬಹುದು. ಒಂದೊಂದು ರಿವ್ಯೂವಿನ ಚಿತ್ರ, ಅದರ ಲಿಂಕು, ಬರೆದವರ ಹೆಸರಿನ ಮೇಲೆ ಒತ್ತಿದಾಗ ತೆರೆಯುವ ಅವರ ಪುಟದ ಚಿತ್ರ, ಇವು ಬೇಕು. ಗೂಗಲ್ "ಎರಡು ದಿನದ ಹಿಂದೆ", "ಒಂದು ವಾರದ ಹಿಂದೆ" ಎಂದಷ್ಟೇ ತೋರಿಸುವುದರಿಂದ ಚಿತ್ರ ತೆಗೆದ ದಿನ ಮತ್ತು ಹೊತ್ತನ್ನು ನೀವೇ ಬರೆದಿಟ್ಟುಕೊಳ್ಳಬೇಕು. ಆರು ತಿಂಗಳಾದ ಮೇಲೆ ಐದೂ ಒಂದೇ ರಾತ್ರಿ ಬಂದವು ಎಂದು ತೋರಿಸಲು ಬೇರೆ ಆಧಾರ ಸಿಗುವುದಿಲ್ಲ.

ಆಮೇಲೆ ಅತಿಥಿಗಳ ರಿಜಿಸ್ಟರ್ ತೆರೆದು ಕೂರಬೇಕು. ಹೋಂಸ್ಟೇಯವರಿಗೆ ಈ ವಿಷಯದಲ್ಲಿ ಬೇಕರಿಯವರಿಗಿಲ್ಲದ ಒಂದು ಅನುಕೂಲವಿದೆ. ಬಂದವರ ಹೆಸರು, ವಿಳಾಸ, ಫೋನ್ ನಂಬರ್, ಗುರುತಿನ ಚೀಟಿಯ ಪ್ರತಿ ಎಲ್ಲ ಅವರ ಬಳಿ ಇರುತ್ತದೆ. ಆದರೂ ಹೆಸರು ಸಿಗಲಿಲ್ಲ ಎಂದ ಮಾತ್ರಕ್ಕೆ ನಕಲಿ ಎನ್ನಬಾರದು. ಕೋಣೆ ಗಂಡನ ಹೆಸರಿನಲ್ಲಿ ಬುಕ್ ಆಗಿರುತ್ತದೆ, ರಿವ್ಯೂ ಹೆಂಡತಿ ಬರೆದಿರುತ್ತಾರೆ. ಆಫೀಸಿನ ಎಂಟು ಜನ ಬಂದಿರುತ್ತಾರೆ, ಹಣ ಕಳಿಸಿದವರು ಒಬ್ಬರೇ. ಕೆಲವರು ಗೂಗಲ್‌ನಲ್ಲಿ ಅಡ್ಡಹೆಸರು ಇಟ್ಟುಕೊಂಡಿರುತ್ತಾರೆ. ಇಷ್ಟನ್ನೂ ಜಾಲಾಡಿದ ಮೇಲೂ ತಾಳೆಯಾಗದಿದ್ದರೆ ಮಾತ್ರ ಅನುಮಾನಕ್ಕೆ ಬೆಲೆ.

ನಮ್ಮ ಐದು ರಿವ್ಯೂಗಳನ್ನು ಹೀಗೆ ಒಂದೊಂದಾಗಿ ಪರೀಕ್ಷೆ ಮಾಡೋಣ.

ಮೊದಲನೆಯದರಲ್ಲಿ "ಈಜುಕೊಳದ ನೀರು ಹಸಿರುಗಟ್ಟಿತ್ತು, ಮಕ್ಕಳಿಗೆ ಮೈಯೆಲ್ಲ ತುರಿಕೆ" ಎಂದಿದೆ. ಈ ಮನೆಯಲ್ಲಿ ಈಜುಕೊಳವೇ ಇಲ್ಲ. ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ. ಬೇರೆ ಜಾಗಕ್ಕೆ ಬರೆಯಲು ಹೋಗಿ ಇಲ್ಲಿ ಬರೆದಿರಲೂಬಹುದು. ಹೇಗಿದ್ದರೂ ಇದು ಈ ಮನೆಯ ಅನುಭವವಲ್ಲ.

ಎರಡನೆಯದು "ಊಟ ಕೆಟ್ಟದು, ಮಾಲೀಕರ ವರ್ತನೆ ಒರಟು, ಯಾರೂ ಹೋಗಬೇಡಿ" ಎನ್ನುತ್ತದೆ. ದಿನವಿಲ್ಲ, ಕೋಣೆಯ ಮಾತಿಲ್ಲ, ಏನು ತಿಂದರು ಎಂದಿಲ್ಲ. ಇದು ಯಾವ ಊರಿನ ಯಾವ ಹೋಟೆಲಿಗೆ ಬೇಕಾದರೂ ಅಂಟಿಸಬಹುದಾದ ಮಾತು. ಆದರೆ ಬರೆದವನ ಪುಟ ತೆರೆದರೆ, ಅದೇ ರಾತ್ರಿ ಅದೇ ರಸ್ತೆಯ ಇನ್ನೊಂದು ಹೋಂಸ್ಟೇಗೆ ಐದು ಸ್ಟಾರ್ ಹೊಗಳಿಕೆ ಇದೆ, ಅದರ ಮುಂಚೆ ಬೇರೆ ರಾಜ್ಯದ ಮೊಬೈಲ್ ಅಂಗಡಿಗೆ ಐದು ಸ್ಟಾರ್ ಇದೆ, ಬೇರೇನೂ ಇಲ್ಲ. ಇಂಥ ಪುಟ ದುಡ್ಡಿಗೆ ರಿವ್ಯೂ ಬರೆಯುವವರದು ಎಂಬುದಕ್ಕೆ ಬಲವಾದ ಸೂಚನೆ. ಹಿತಾಸಕ್ತಿ ಸಂಘರ್ಷ ಎಂದು ದೂರು ಕೊಡಲು ಕೈಗೆ ಸಿಕ್ಕ ಏಕೈಕ ಎಳೆಯೂ ಇದೇ.

ಮೂರನೆಯದು, ನಾಲ್ಕನೆಯದು ಬರಿಯ ಸ್ಟಾರ್, ಒಂದಕ್ಷರ ಬರೆದಿಲ್ಲ. ಇವು ಎಲ್ಲಕ್ಕಿಂತ ಕಷ್ಟದವು. ಮಾತೇ ಇಲ್ಲದಿದ್ದ ಮೇಲೆ ಸುಳ್ಳು ಎಂದು ತೋರಿಸುವುದು ಯಾವುದನ್ನು? ಬರೆಯದೆ ರೇಟಿಂಗ್ ಮಾತ್ರ ಕೊಡುವುದಕ್ಕೆ ಗೂಗಲ್ ಅವಕಾಶ ಕೊಟ್ಟಿದೆ. ಎರಡರಲ್ಲಿ ಒಂದು ಖಾತೆಗೆ ಎರಡನೆಯ ರಿವ್ಯೂವಿನ ಖಾತೆಯ ಹಾಗೆಯೇ ಆ ಹೊಗಳಿಸಿಕೊಂಡ ಹೋಂಸ್ಟೇಯ ನಂಟು ಕಾಣುತ್ತದೆ ಎಂದಿಟ್ಟುಕೊಳ್ಳಿ. ಇನ್ನೊಂದರಲ್ಲಿ ಏನೂ ಇಲ್ಲ.

ಐದನೆಯದು ಬೇರೆಯೇ ಧಾಟಿಯದು. "ಬೆಳಿಗ್ಗೆ ಆರೂವರೆಗೆ ಸ್ನಾನಕ್ಕೆ ನೀರು ತಣ್ಣಗಿತ್ತು. ಸೋಲಾರ್ ಅಂದರು. ಕೇಳಿದ ಮೇಲೆ ಹಂಡೆ ಒಲೆ ಹಚ್ಚಿದರು, ಮುಕ್ಕಾಲು ಗಂಟೆ ಕಾದೆವು. ರೈಲು ತಪ್ಪಿತು." ಹೆಸರು ರಿಜಿಸ್ಟರಿನಲ್ಲಿಲ್ಲ. ಆದರೆ ಹೊತ್ತು ಇದೆ, ಸೋಲಾರ್ ಇದೆ, ಹಂಡೆ ಒಲೆ ಇದೆ. ಮೋಡ ಮುಸುಕಿದ ದಿನ ಆ ಮನೆಯಲ್ಲಿ ನಡೆಯುವುದು ಹಾಗೇ. ಹುಡುಕಿದರೆ ಮೂವರು ಗೆಳತಿಯರು ಬಂದಿದ್ದು, ಕೋಣೆ ಇನ್ನೊಬ್ಬರ ಹೆಸರಿನಲ್ಲಿದ್ದದ್ದು ಗೊತ್ತಾಗುತ್ತದೆ. ಇದು ನಿಜವಾದ ದೂರು. ನಕಲಿಗಳ ಜೊತೆ ಒಂದೇ ರಾತ್ರಿ ಬಂದದ್ದು ಕಾಕತಾಳೀಯ. ಇದನ್ನೂ ಸೇರಿಸಿ "ಐದೂ ಸುಳ್ಳು" ಎಂದು ಬರೆದುಕೊಟ್ಟಿದ್ದರೆ ಉಳಿದ ನಾಲ್ಕರ ದೂರೂ ಹಗುರಾಗುತ್ತಿತ್ತು. ಸುಳ್ಳು ರಿವ್ಯೂ ಸಾಮಾನ್ಯವಾಗಿ ತೀರ್ಪನ್ನು ಮಾತ್ರ ಹೇಳುತ್ತದೆ. ನಿಜವಾದ ಸಿಟ್ಟು ನಡೆದದ್ದನ್ನು ಹೇಳುತ್ತದೆ. ಇದು ನೂರಕ್ಕೆ ನೂರು ನಿಲ್ಲುವ ಲಕ್ಷಣವಲ್ಲ, ಆದರೆ ಬೇರ್ಪಡಿಸಲು ಶುರುಮಾಡುವುದಕ್ಕೆ ಇದಕ್ಕಿಂತ ಒಳ್ಳೆಯ ಅಳತೆಗೋಲನ್ನು ನಾನು ಕಂಡಿಲ್ಲ.

ಈಗ ದೂರು. ರಿವ್ಯೂವಿನ ಪಕ್ಕದ ಮೂರು ಚುಕ್ಕೆ ಒತ್ತಿದರೆ Report review ಎಂದು ಬರುತ್ತದೆ. ಯಾವ ಕಾರಣಕ್ಕೆ ಎಂದು ಕೇಳುತ್ತದೆ, ಕೊಟ್ಟಿರುವ ಪಟ್ಟಿಯಿಂದ ಒಂದನ್ನು ಆರಿಸಬೇಕು. ಈಜುಕೊಳದ ರಿವ್ಯೂಗೆ ನಕಲಿ ಅಥವಾ ಸ್ಪ್ಯಾಮ್, ಹೊಗಳಿಕೆ-ತೆಗಳಿಕೆಯ ಜೋಡಿ ಇರುವ ಖಾತೆಗಳಿಗೆ ಹಿತಾಸಕ್ತಿ ಸಂಘರ್ಷ. ಕಾರಣ ತಪ್ಪಾಗಿ ಆರಿಸಿದರೆ, ಉದಾಹರಣೆಗೆ ಸುಳ್ಳು ಹೇಳಿದವನ ಮೇಲೆ ದ್ವೇಷದ ಮಾತು ಎಂದು ದೂರಿದರೆ, ದ್ವೇಷದ ಮಾತು ಇದೆಯೇ ಎಂದು ನೋಡಿ ಇಲ್ಲ ಎಂದು ಮುಚ್ಚಿಬಿಡುತ್ತಾರೆ. ನೆಂಟರಿಷ್ಟರ ಗುಂಪಿಗೆ ಲಿಂಕ್ ಕಳಿಸಿ "ಎಲ್ಲರೂ ರಿಪೋರ್ಟ್ ಹೊಡೀರಿ" ಎನ್ನುವುದರಿಂದಲೂ ಕೆಲಸ ಆಗುವುದಿಲ್ಲ. ಅವರು ತೂಗುವುದು ನಿಯಮ ಮುರಿದಿದೆಯೇ ಎಂಬುದನ್ನು, ಎಷ್ಟು ಜನ ದೂರಿದರು ಎಂಬುದನ್ನಲ್ಲ.

ಹೆಚ್ಚಿನವರು ಇಲ್ಲಿಗೆ ನಿಲ್ಲಿಸಿ, ಏನೂ ಆಗಲಿಲ್ಲ ಎಂದು ಬೇಸತ್ತು ಬಿಡುತ್ತಾರೆ. ಮುಂದಿನ ಮೆಟ್ಟಿಲು ಇರುವುದೇ ಅನೇಕರಿಗೆ ಗೊತ್ತಿಲ್ಲ. ವ್ಯಾಪಾರದ ಪ್ರೊಫೈಲ್ ನಿಮ್ಮ ಹೆಸರಿನಲ್ಲಿ ದೃಢೀಕರಣ ಆಗಿದ್ದರೆ, ಗೂಗಲ್‌ನ ಸಹಾಯ ಪುಟಗಳಲ್ಲಿ ರಿವ್ಯೂ ನಿರ್ವಹಿಸುವ ಸಾಧನವೊಂದು ಸಿಗುತ್ತದೆ. ಕೊಟ್ಟ ದೂರು ಎಲ್ಲಿಗೆ ಬಂತು ಎಂದು ಅಲ್ಲಿ ನೋಡಬಹುದು. ತೀರ್ಮಾನ ಬಾಕಿಯಿದ್ದರೆ Decision pending ಎಂದಿರುತ್ತದೆ. ಕೆಲವು ದಿನ ಕಾದ ಮೇಲೆ ರಿವ್ಯೂ ಮಾಯವಾಗಬಹುದು, ಇಲ್ಲವೇ Report reviewed - no policy violation ಎಂದು ಬರಬಹುದು. ಎರಡನೆಯದು ಬಂದರೆ ಅಪೀಲು ಹಾಕಲು ಅವಕಾಶವಿದೆ, ಆದರೆ ಒಂದೇ ಸಲ. ಒಂದು ಅಪೀಲಿನಲ್ಲಿ ಹತ್ತು ರಿವ್ಯೂಗಳವರೆಗೆ ಸೇರಿಸಬಹುದು.

ಒಂದೇ ಸಲ ಎನ್ನುವ ಕಾರಣಕ್ಕೇ ಅದನ್ನು ಸಿಟ್ಟಿನಲ್ಲಿ ಖರ್ಚು ಮಾಡಬಾರದು. ನಮ್ಮ ಮನೆಯಲ್ಲಿ ಈಜುಕೊಳದ ರಿವ್ಯೂ ಮೊದಲ ದೂರಿಗೇ ಹೋಯಿತು ಎಂದಿಟ್ಟುಕೊಳ್ಳೋಣ. ಉಳಿದ ಮೂರನ್ನು ಒಟ್ಟಿಗೆ ಅಪೀಲಿಗೆ ಹಾಕಬೇಕು, ಬಿಡಿಬಿಡಿಯಾಗಿ ಅಲ್ಲ. ಏಕೆಂದರೆ ಇವುಗಳ ಬಲವಿರುವುದು ಹೋಲಿಕೆಯಲ್ಲಿ: ಮೂರೂ ಒಂದೇ ರಾತ್ರಿ ಬಂದವು, ಎರಡು ಖಾತೆಗಳು ಅದೇ ರಾತ್ರಿ ಅದೇ ರಸ್ತೆಯ ಅದೇ ಜಾಗಕ್ಕೆ ಐದು ಸ್ಟಾರ್ ಕೊಟ್ಟಿವೆ, ಮೂವರ ಹೆಸರಿಗೂ ಯಾವ ಬುಕಿಂಗೂ ತಾಳೆಯಾಗುವುದಿಲ್ಲ. ವಿವರಣೆ ಬರೆಯುವಾಗ ನಾಲ್ಕೈದು ವಾಕ್ಯದಲ್ಲಿ ಇಷ್ಟನ್ನೇ ಹೇಳಬೇಕು. ನಾವು ಎಷ್ಟು ವರ್ಷದಿಂದ ಕಷ್ಟಪಟ್ಟು ನಡೆಸುತ್ತಿದ್ದೇವೆ, ಪಕ್ಕದವನು ಎಂಥವನು ಎಂಬುದಕ್ಕೆಲ್ಲ ಅಲ್ಲಿ ಜಾಗವಿಲ್ಲ. ಆ ಮಾತುಗಳ ನಡುವೆ ನಿಮ್ಮ ಸಾಕ್ಷಿಯೇ ಹೂತುಹೋಗುತ್ತದೆ.

ದೂರಿನ ತೀರ್ಮಾನ ಬರುವವರೆಗೂ ರಿವ್ಯೂ ಎಲ್ಲರಿಗೂ ಕಾಣುತ್ತಲೇ ಇರುತ್ತದೆ. ಅದಕ್ಕೆ ಉತ್ತರ ಕೊಡಬೇಕೇ? ಉತ್ತರ ಕೊಟ್ಟರೆ ಸುಳ್ಳಿಗೆ ಮರ್ಯಾದೆ ಕೊಟ್ಟಂತಾಗುತ್ತದೆ ಎನ್ನುವವರಿದ್ದಾರೆ. ನಾನು ಕೊಡಬೇಕು ಎನ್ನುವ ಕಡೆಯವನು. ಆ ಉತ್ತರವನ್ನು ಓದುವವರು ರಿವ್ಯೂ ಬರೆದವರಲ್ಲ, ಮುಂದಿನ ವಾರ ಮಕ್ಕಳನ್ನು ಕರೆದುಕೊಂಡು ಎಲ್ಲಿ ಉಳಿಯುವುದು ಎಂದು ಹುಡುಕುತ್ತಿರುವವರು. ಅವರು ಮೊದಲು ಕಡಿಮೆ ಸ್ಟಾರ್‌ನವನ್ನೇ ತೆರೆದು ಓದುತ್ತಾರೆ. ಅಲ್ಲಿ ಮಾಲೀಕರ ಮಾತು ಹೇಗಿದೆ ಎಂದು ನೋಡುತ್ತಾರೆ.

ಸಿಟ್ಟಿನಲ್ಲಿ ಬರೆದ ಉತ್ತರ ಹೀಗಿರುತ್ತದೆ: "ನೀನು ಯಾರ ದುಡ್ಡು ತಿಂದು ಬರೆದಿದ್ದೀಯ ಗೊತ್ತು. ರಸ್ತೆ ಕೊನೆಯವನಿಗೆ ಹೇಳು, ನಾವು ಹೆದರುವವರಲ್ಲ. ಕೋರ್ಟಿನಲ್ಲಿ ನೋಡಿಕೊಳ್ಳುತ್ತೇವೆ." ಓದಿದವರಿಗೆ ಎರಡನೆಯ ರಿವ್ಯೂವಿನ "ವರ್ತನೆ ಒರಟು" ಎಂಬ ಮಾತು ನಿಜವೇ ಇರಬೇಕು ಅನ್ನಿಸಿಬಿಡುತ್ತದೆ. ಅದಕ್ಕಿಂತ ಅಪಾಯದ ಸಂಗತಿ, ರಸ್ತೆ ಕೊನೆಯವನು ಇದನ್ನು ಮಾಡಿಸಿಯೇ ಇಲ್ಲದಿದ್ದರೆ ಈಗ ಮಾನಹಾನಿಯ ದಾವೆ ಹೂಡುವ ಹಕ್ಕು ಅವನಿಗೆ ಬರುತ್ತದೆ. ರಿವ್ಯೂ ಬರೆದವರ ಹೆಸರು ಮುಚ್ಚಿದೆ, ನಿಮ್ಮ ಹೆಸರು, ವಿಳಾಸ, ಫೋನ್ ನಂಬರ್ ಎಲ್ಲ ಅಲ್ಲೇ ಮೇಲೆ ಬರೆದಿದೆ.

ಈಜುಕೊಳದ ರಿವ್ಯೂಗೆ ಹೀಗೆ ಬರೆದರೆ ಸಾಕು: "ನಮಸ್ಕಾರ. ನಮ್ಮ ಮನೆಯಲ್ಲಿ ಈಜುಕೊಳ ಇಲ್ಲ, ಹಿಂದೆಯೂ ಇರಲಿಲ್ಲ. ನೀವು ಬೇರೆ ಜಾಗದ ಬಗ್ಗೆ ಬರೆದಿರಬಹುದು ಅನ್ನಿಸುತ್ತದೆ. ನಮ್ಮಲ್ಲೇ ಉಳಿದಿದ್ದರೆ ಬಂದ ದಿನ ತಿಳಿಸಿ, ವಿಚಾರಿಸುತ್ತೇವೆ." ಊಟದ ರಿವ್ಯೂಗೆ: "ಈ ಹೆಸರಿನಲ್ಲಿ ಯಾವ ಬುಕಿಂಗೂ ನಮ್ಮ ದಾಖಲೆಯಲ್ಲಿ ಸಿಗಲಿಲ್ಲ. ದಯವಿಟ್ಟು ಬಂದ ದಿನ, ಕೋಣೆ ಯಾವುದೆಂದು ಫೋನ್ ಮಾಡಿ ತಿಳಿಸಿ. ತಪ್ಪಾಗಿದ್ದರೆ ಸರಿಪಡಿಸುತ್ತೇವೆ." ಬರಿಯ ಸ್ಟಾರ್ ಇರುವ ಎರಡಕ್ಕೂ ಇದೇ ಧಾಟಿಯ ಒಂದು ಸಾಲು ಸಾಕು. ಒಂದೇ ಉತ್ತರವನ್ನು ನಾಲ್ಕು ಕಡೆ ಅಂಟಿಸಬೇಡಿ. ಓದುವವರಿಗೆ ಮೈಗೆಳೆತನ ಕಾಣುತ್ತದೆ. ರಿವ್ಯೂ ಯಾವ ಭಾಷೆಯಲ್ಲಿದೆಯೋ ಅದರಲ್ಲೇ ಉತ್ತರ ಇರಲಿ. ಎಷ್ಟೇ ಕೋಪ ಬಂದರೂ ಬೇರೆ ಅತಿಥಿಗಳ ಹೆಸರು, ನಂಬರು, ರಿಜಿಸ್ಟರಿನ ಪುಟದ ಚಿತ್ರ ಇವನ್ನು ಅಲ್ಲಿ ಹಾಕಬಾರದು. ಅವು ಅವರು ನಿಮ್ಮನ್ನು ನಂಬಿ ಕೊಟ್ಟ ವಿವರಗಳು.

ತಣ್ಣೀರಿನ ರಿವ್ಯೂಗೆ ಉತ್ತರ ಬೇರೆ. ತಪ್ಪಾಯಿತು ಎಂದು ನೇರವಾಗಿ ಹೇಳಿ, ಮೋಡದ ದಿನ ಈಗ ಬೆಳಿಗ್ಗೆ ಐದೂವರೆಗೇ ಒಲೆ ಹಚ್ಚುತ್ತಿದ್ದೇವೆ ಎಂದು ಬರೆಯಬೇಕು, ಹಾಗೆ ಮಾಡಲೂ ಬೇಕು. ಆದರೆ "ರಿವ್ಯೂ ತೆಗೆದರೆ ಮುಂದಿನ ಸಲ ಒಂದು ರಾತ್ರಿ ಉಚಿತ" ಎಂದು ಮಾತ್ರ ಹೇಳುವಂತಿಲ್ಲ. ಕೆಟ್ಟ ರಿವ್ಯೂ ತೆಗೆಸಲು ಆಮಿಷ ಒಡ್ಡುವುದೂ ಗೂಗಲ್ ನಿಯಮಕ್ಕೆ ವಿರುದ್ಧ.

ಇಲ್ಲೇ ಇನ್ನೊಂದು ಬಲೆಯ ಬಗ್ಗೆ ಹೇಳಬೇಕು. ಇಂಥ ಹೊತ್ತಿನಲ್ಲಿ "ಐವತ್ತು ಐದು ಸ್ಟಾರ್ ಹಾಕಿಸಿಕೊಡ್ತೀವಿ" ಎನ್ನುವ ಫೋನುಗಳು ಬರುತ್ತವೆ. ಐದು ಸುಳ್ಳಿಗೆ ಐವತ್ತು ಸುಳ್ಳು ಎದುರು ನಿಲ್ಲಿಸುವ ಆಸೆ ಆಗುವುದು ಸಹಜ. ಕೊಂಡ ರಿವ್ಯೂ ಸಿಕ್ಕಿಬಿದ್ದರೆ ಗೂಗಲ್ ಆ ಜಾಗಕ್ಕೆ ಹೊಸ ರಿವ್ಯೂ ಬರದಂತೆ ಕೆಲಕಾಲ ತಡೆಯುತ್ತದೆ, ಇದ್ದವನ್ನೂ ಕೆಲಕಾಲ ಮರೆಮಾಡುತ್ತದೆ, ಇಲ್ಲಿಂದ ನಕಲಿ ರಿವ್ಯೂಗಳನ್ನು ತೆಗೆಯಲಾಗಿದೆ ಎಂಬ ಎಚ್ಚರಿಕೆಯನ್ನು ಗ್ರಾಹಕರಿಗೆ ಕಾಣುವಂತೆ ಹಾಕಲೂಬಹುದು. ಪ್ರತಿಸ್ಪರ್ಧಿ ಮಾಡಲಾಗದ್ದನ್ನು ನಾವೇ ನಮ್ಮ ಕೈಯಾರೆ ಮಾಡಿಕೊಂಡಂತೆ. ನಿಜವಾಗಿ ಬಂದು ಹೋದ ಎಲ್ಲರಿಗೂ ಲಿಂಕ್ ಕಳಿಸಿ, ಅನಿಸಿದ್ದನ್ನು ಬರೆಯಿರಿ ಎಂದು ಕೇಳುವುದಕ್ಕೆ ಅಡ್ಡಿಯಿಲ್ಲ. ಖುಷಿಪಟ್ಟವರನ್ನು ಮಾತ್ರ ಆರಿಸಿ ಕೇಳುವಂತಿಲ್ಲ, ರಿಯಾಯಿತಿ ಕೊಟ್ಟು ಬರೆಸುವಂತಿಲ್ಲ. ಇದನ್ನು ತೊಂದರೆ ಬಂದ ಮೇಲಲ್ಲ, ಅದಕ್ಕೂ ಮುಂಚೆಯೇ ರೂಢಿ ಮಾಡಿಕೊಂಡವರಿಗೆ ಐದು ಸುಳ್ಳು ರಿವ್ಯೂ ದೊಡ್ಡ ಪೆಟ್ಟಾಗುವುದಿಲ್ಲ. ಮೇಲಿನ 600ರ ಲೆಕ್ಕ ನೋಡಿ.

ಶುಕ್ರವಾರದ ಫೋನಿಗೆ ಬರೋಣ. ಮ್ಯಾಪ್‌ನಲ್ಲಿ ಯಾವ ಜಾಗವನ್ನು ತೆರೆದರೂ Suggest an edit ಎಂಬ ಗುಂಡಿ ಇರುತ್ತದೆ. ಅಂಗಡಿ ಮುಚ್ಚಿದೆ, ಸ್ಥಳ ಬದಲಾಗಿದೆ, ಫೋನ್ ನಂಬರ್ ಬೇರೆ ಎಂದು ಯಾರು ಬೇಕಾದರೂ ಸೂಚಿಸಬಹುದು. ಈ ಏರ್ಪಾಡು ಒಳ್ಳೆಯದಕ್ಕೇ ಇದೆ. ಮುಚ್ಚಿಹೋದ ಸಾವಿರಾರು ಅಂಗಡಿಗಳನ್ನು ನಕ್ಷೆಯಿಂದ ತೆಗೆಯುವುದು ಹೀಗೇ. ಸುಳ್ಳು ಸೂಚನೆಯೂ ಇದೇ ಬಾಗಿಲಿನಿಂದ ಒಳಗೆ ಬರುತ್ತದೆ. ಮಳೆಗಾಲದಲ್ಲಿ ತಿಂಗಳುಗಟ್ಟಲೆ ಹೊಸ ಚಿತ್ರವಿಲ್ಲ, ಸಮಯ ನಮೂದಿಸಿಲ್ಲ, ಮಾಲೀಕರು ಲಾಗಿನ್ ಆಗಿಯೇ ಇಲ್ಲ ಎಂಬಂಥ ಜಾಗದ ಬಗ್ಗೆ "ಮುಚ್ಚಿದೆ" ಎಂದರೆ ನಂಬುವುದು ಸುಲಭ.

ಸರಿಪಡಿಸುವುದು ರಿವ್ಯೂಗಿಂತ ಎಷ್ಟೋ ಸುಲಭ, ಪ್ರೊಫೈಲ್ ನಿಮ್ಮ ಹೆಸರಿನಲ್ಲಿದ್ದರೆ. ಲಾಗಿನ್ ಆಗಿ ಪ್ರೊಫೈಲ್ ತಿದ್ದುವ ಭಾಗದಲ್ಲಿ ಸಮಯದ ವಿವರಕ್ಕೆ ಹೋಗಿ, Permanently closed ಎಂದು ಇರುವುದನ್ನು Open with main hours ಎಂದು ಬದಲಿಸಿ ಉಳಿಸಬೇಕು. ಪ್ರೊಫೈಲ್ ಯಾರ ಹೆಸರಿಗೂ ಇಲ್ಲದೆ, ಹಿಂದೆ ಯಾರೋ ಪ್ರವಾಸಿ ಸೇರಿಸಿಹೋದ ಗುರುತಾಗಿಯೇ ಉಳಿದಿದ್ದರೆ ನಿಮ್ಮ ಮಾತಿಗೂ ದಾರಿಹೋಕನ ಮಾತಿಗೂ ವ್ಯತ್ಯಾಸವಿಲ್ಲ. ಮೊದಲು ದೃಢೀಕರಣ ಮಾಡಿಸಿಕೊಳ್ಳಬೇಕು. ಮುಚ್ಚಿದೆ ಎನ್ನುವುದಾದರೂ ಕಣ್ಣಿಗೆ ಬೀಳುತ್ತದೆ. ಫೋನ್ ನಂಬರಿನ ಒಂದಂಕಿ ಬದಲಾದರೆ, ಅಥವಾ ನಂಬರೇ ಬೇರೆಯವರದಾದರೆ, ಕರೆಗಳು ಸದ್ದಿಲ್ಲದೆ ಬೇರೆ ಕಡೆ ಹೋಗುತ್ತವೆ; ಈ ಸಲ ಸೀಸನ್ ಡಲ್ ಎಂದುಕೊಂಡು ನಾವು ಕೂತಿರುತ್ತೇವೆ. ಅದಕ್ಕೇ ವಾರಕ್ಕೊಮ್ಮೆ, ಲಾಗಿನ್ ಆಗದ ಬೇರೆಯವರ ಫೋನಿನಿಂದ ನಿಮ್ಮ ಜಾಗವನ್ನು ಹುಡುಕಿ, ಅಲ್ಲಿಂದಲೇ ಕರೆ ಮಾಡಿ ನೋಡಬೇಕು. ಗಂಟೆ ನಿಮ್ಮ ಮನೆಯಲ್ಲೇ ಹೊಡೆಯುತ್ತದೆಯೇ?

ಬುಕಿಂಗ್ ತಾಣಗಳಲ್ಲಿ ಈ ಕಾಟ ಕಡಿಮೆ. ಅಲ್ಲಿ ಆ ತಾಣದ ಮೂಲಕ ಕೋಣೆ ಕಾದಿರಿಸಿದವರಿಗೆ ಮಾತ್ರ ಬರೆಯಲು ಬಿಡುವ ಪದ್ಧತಿ ಇದೆ. ಸುಳ್ಳು ಬರೆಯಲೂ ಒಂದು ಕೋಣೆಯ ಬಾಡಿಗೆ ಕೊಡಬೇಕು. ಭಾರತೀಯ ಮಾನಕ ಬ್ಯೂರೋ 2022ರಲ್ಲಿ ಆನ್‌ಲೈನ್ ರಿವ್ಯೂಗಳಿಗೆಂದೇ ಐಎಸ್ 19000 ಎಂಬ ಮಾನದಂಡ ತಂದಾಗ ಬರೆಯುವವರ ಗುರುತನ್ನು ಖಚಿತಪಡಿಸಿಕೊಳ್ಳಬೇಕು ಎಂಬುದನ್ನೂ ಸೇರಿಸಿತು. ಆದರೆ ಅದು ಬಂದದ್ದು ಸ್ವಯಂಪ್ರೇರಣೆಯಿಂದ ಪಾಲಿಸಬೇಕಾದ ಮಾನದಂಡವಾಗಿ. 2020ರ ಇ-ಕಾಮರ್ಸ್ ನಿಯಮಗಳಲ್ಲಿ ಇನ್ನೂ ನೇರವಾದ ಮಾತಿದೆ: ಮಾರಾಟಗಾರರು ತಾವು ಗ್ರಾಹಕರು ಎಂದು ಸುಳ್ಳು ಹೇಳಿಕೊಂಡು ರಿವ್ಯೂ ಹಾಕುವಂತಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಇನ್ನೊಬ್ಬರ ಸರಕನ್ನು, ಸೇವೆಯನ್ನು ಸುಳ್ಳು ಸಂಗತಿಗಳಿಂದ ಹೀಗಳೆಯುವುದನ್ನು ಅನುಚಿತ ವ್ಯಾಪಾರ ಪದ್ಧತಿ ಎಂದೇ ಕರೆದಿದೆ. ಓದಲು ಇವು ಗಟ್ಟಿಯಾಗಿವೆ. ಬಳಸಲು ಹೋದಾಗ ತೊಡಕು. ಗ್ರಾಹಕ ಆಯೋಗದ ಮೆಟ್ಟಿಲು ಇರುವುದು ಗ್ರಾಹಕರಿಗಾಗಿ. ಒಬ್ಬ ಹೋಂಸ್ಟೇ ಮಾಲೀಕ ಇನ್ನೊಬ್ಬನ ಮೇಲೆ ದೂರು ಒಯ್ಯಲು ಅದು ಸರಿಯಾದ ಬಾಗಿಲಲ್ಲ.

ಅವರಿಗಿರುವ ದಾರಿ ಸಿವಿಲ್ ನ್ಯಾಯಾಲಯದಲ್ಲಿ ಮಾನಹಾನಿ ದಾವೆ, ಅಥವಾ ಭಾರತೀಯ ನ್ಯಾಯ ಸಂಹಿತೆಯ 356ನೇ ಕಲಂ ಅಡಿ ಕ್ರಿಮಿನಲ್ ದೂರು. ಬರೆದವರು ಯಾರೆಂದೇ ಗೊತ್ತಿಲ್ಲದಿದ್ದರೂ ದಾವೆ ಹೂಡಬಹುದು. ನಮ್ಮ ನ್ಯಾಯಾಲಯಗಳಲ್ಲಿ ಅಂಥ ಅನಾಮಿಕ ಪ್ರತಿವಾದಿಗೆ ಅಶೋಕ್ ಕುಮಾರ್ ಎಂದು ಹೆಸರಿಡುವ ರೂಢಿ ಇದೆ. ಖಾತೆಯ ವಿವರ ಕೊಡಿ ಎಂದು ಗೂಗಲ್‌ಗೆ ಆದೇಶ ಕೊಡಿಸಿಕೊಳ್ಳುವುದು, ಆ ರಿವ್ಯೂ ತೆಗೆಸುವುದು ಎರಡೂ ಅಲ್ಲಿಂದಲೇ. ಶ್ರೇಯಾ ಸಿಂಘಾಲ್ ಪ್ರಕರಣದಲ್ಲಿ 2015ರಲ್ಲಿ ಸುಪ್ರೀಂ ಕೋರ್ಟು ಹೇಳಿದ ಪ್ರಕಾರ, ಇಂಥ ತಾಣಗಳು ಕಾನೂನುಬಾಹಿರ ಬರಹವನ್ನು ತೆಗೆಯಲೇಬೇಕಾಗುವುದು ನ್ಯಾಯಾಲಯದ ಅಥವಾ ಸರ್ಕಾರದ ಆದೇಶ ಬಂದಾಗ. ಖಾಸಗಿಯವರ ನೋಟಿಸು ಬಂದ ಮಾತ್ರಕ್ಕಲ್ಲ. ಆದ್ದರಿಂದ ವಕೀಲರ ನೋಟಿಸಿಗೆ ಗೂಗಲ್ ಜಗ್ಗಲಿಲ್ಲ ಎಂದು ಆಶ್ಚರ್ಯಪಡಬೇಕಿಲ್ಲ. 2021ರ ಐಟಿ ನಿಯಮಗಳ ಪ್ರಕಾರ ಅವರ ಕುಂದುಕೊರತೆ ಅಧಿಕಾರಿಗೆ ದೂರು ಕೊಡಬಹುದು. ದೂರು ತಲುಪಿತು ಎಂದು 24 ಗಂಟೆಯೊಳಗೆ ಅವರು ಒಪ್ಪಿಕೊಳ್ಳಬೇಕು. ಅವರ ತೀರ್ಮಾನ ಸರಿಬರದಿದ್ದರೆ 30 ದಿನದೊಳಗೆ ಕೇಂದ್ರ ಸರ್ಕಾರದ ಮೇಲ್ಮನವಿ ಸಮಿತಿಗೆ gac.gov.in ಮೂಲಕ ಹೋಗಬಹುದು. ವಕೀಲರಿಲ್ಲದೆ ಮಾಡಬಹುದಾದ ಕೆಲಸ ಇದು. ಕೋರ್ಟಿಗೆ ಮೊದಲು ಇದನ್ನು ಮಾಡುವುದೇ ಸರಿ ಎನ್ನುವುದು ನನ್ನ ಅಭಿಪ್ರಾಯ.

ಸಿವಿಲ್ ದಾವೆಗೆ ಒಂದು ಗಡುವಿದೆ, ತುಂಬ ಜನ ತಪ್ಪಿಸಿಕೊಳ್ಳುವುದು ಇದನ್ನೇ. ಬರಹದ ಮಾನಹಾನಿಗೆ ಪರಿಹಾರ ಕೇಳಬೇಕಾದರೆ ಅದು ಪ್ರಕಟವಾದ ಒಂದು ವರ್ಷದೊಳಗೆ ಕೇಳಬೇಕು. ಸೋಮವಾರ ಬೆಳಿಗ್ಗೆ ತೆಗೆದಿಟ್ಟ ಸ್ಕ್ರೀನ್‌ಶಾಟುಗಳು ಇಲ್ಲೂ ಕೆಲಸಕ್ಕೆ ಬರುತ್ತವೆ. ಅವುಗಳ ಜೊತೆ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಕೇಳುವ ಪ್ರಮಾಣಪತ್ರವನ್ನು ಲಗತ್ತಿಸಬೇಕಾಗುತ್ತದೆ. ಅಭಿಪ್ರಾಯ ಮಾನಹಾನಿಯಲ್ಲ ಎಂಬುದೂ ನೆನಪಿರಲಿ. "ಊಟ ಹಿಡಿಸಲಿಲ್ಲ" ಎಂದು ಬರೆದವರ ಮೇಲೆ ಕೇಸು ನಿಲ್ಲುವುದಿಲ್ಲ. "ಕೋಣೆಯಲ್ಲಿ ಕ್ಯಾಮೆರಾ ಅಡಗಿಸಿಟ್ಟಿದ್ದಾರೆ" ಎಂದು ಸುಳ್ಳು ಬರೆದರೆ ನಿಲ್ಲುತ್ತದೆ. ನಾಲ್ಕು ಕೋಣೆಯ ಮನೆಗೆ ವಕೀಲರ ಶುಲ್ಕ, ಹಾಸನಕ್ಕೋ ಬೆಂಗಳೂರಿಗೋ ಓಡಾಟ ಎಲ್ಲ ಲೆಕ್ಕ ಹಾಕಿದರೆ, ಆ ಎರಡನೆಯ ಬಗೆಯ ಆರೋಪಕ್ಕೆ ಮಾತ್ರ ಕೋರ್ಟು ದಾರಿ ಸರಿಹೋಗುತ್ತದೆ.

ಒಂದು ಸಂದರ್ಭದಲ್ಲಿ ಮಾತ್ರ ತಡಮಾಡಬಾರದು. ಐದು ರಿವ್ಯೂ ಬಂದ ಮಾರನೆಯ ದಿನ ವಾಟ್ಸಾಪಿನಲ್ಲಿ "ಇಷ್ಟು ಕಳಿಸಿ, ಎಲ್ಲ ತೆಗೀತೀವಿ, ಇಲ್ಲದಿದ್ದರೆ ಇನ್ನೂ ಇಪ್ಪತ್ತು ಬರುತ್ತೆ" ಎಂಬ ಸಂದೇಶ ಬಂದರೆ ಅದು ಸುಲಿಗೆ, ನ್ಯಾಯ ಸಂಹಿತೆಯ 308ನೇ ಕಲಂ. ಕಳಿಸಬಾರದು, ಬೈಯಲೂಬಾರದು, ಸಂದೇಶ ಅಳಿಸಲೂಬಾರದು. ನಂಬರು ಕಾಣುವಂತೆ ಚಿತ್ರ ತೆಗೆದು cybercrime.gov.in ನಲ್ಲಿ ಅಥವಾ ಠಾಣೆಯಲ್ಲಿ ದೂರು ಕೊಟ್ಟು, ಅದೇ ಪುರಾವೆಯನ್ನು ಗೂಗಲ್‌ಗೂ ಕಳಿಸಬೇಕು. ಅನಾಮಿಕರು ತಾವಾಗಿಯೇ ಒಂದು ನಂಬರು ಕೊಟ್ಟು ಕೈಗೆ ಸಿಗುವುದು ಇದೊಂದೇ ಸಲ.

ನಮ್ಮ ಮನೆಯ ಲೆಕ್ಕ ಕೊನೆಗೆ ಹೀಗೆ ನಿಲ್ಲಬಹುದು. ಈಜುಕೊಳದ್ದು ಮೊದಲ ದೂರಿಗೆ ಹೋಯಿತು. ಅಪೀಲಿನಲ್ಲಿ ನಂಟು ಕಾಣುವ ಎರಡು ಹೋದವು. ಏನೂ ಬರೆಯದ, ಯಾವ ಎಳೆಯೂ ಸಿಗದ ಒಂದು ಸ್ಟಾರ್ ಉಳಿಯಿತು. ಅದನ್ನು ತೆಗೆಸುವ ದಾರಿ ಇಲ್ಲ, ಅದರ ಹಿಂದೆ ಬೀಳುವುದನ್ನು ಇಲ್ಲಿಗೆ ಬಿಡುವುದು ಒಳ್ಳೆಯದು. ಸರಾಸರಿ 4.5ಕ್ಕೆ ಬಂತು. ತಣ್ಣೀರಿನ ರಿವ್ಯೂ ಬರೆದವರಿಗೆ ಫೋನ್ ಮಾಡಿ ಮಾತಾಡಿದ ಮೇಲೆ ಅವರು ತಾವಾಗಿಯೇ ಒಂದನ್ನು ನಾಲ್ಕು ಸ್ಟಾರ್ ಮಾಡಿದರೆ 4.6 ಆಗುತ್ತದೆ. ಅಲ್ಲಿಂದ 4.7 ಕಾಣಿಸಲು ಇನ್ನು ಆರು ಜನ ಸಂತೋಷದಿಂದ ಐದು ಸ್ಟಾರ್ ಕೊಟ್ಟರೆ ಸಾಕು.